ಮೌನ ಸಮ್ಮತಿಯಲ್ಲ ಎಂಬ ಮೊದಲ ಪಾಠ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಸಂಸ್ಕೃತದ್ದಾದರೂ ನಮ್ಮ ಕಡೆ ಅಕ್ಷರ ಬಾರದವರ ಬಾಯಲ್ಲೂ ಇದೆ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಲೋಟ ಇಟ್ಟು ತಲೆ ತಗ್ಗಿಸಿ ನಿಂತ ಹುಡುಗಿ ಏನೂ ಹೇಳದಿದ್ದರೆ, ಹಿರಿಯರು ಅದನ್ನು ಒಪ್ಪಿಗೆ ಎಂದೇ ಲೆಕ್ಕ ಹಾಕಿ ಎಲೆ ಅಡಿಕೆ ತಟ್ಟೆಗೆ ಕೈಚಾಚುತ್ತಾರೆ. ಆ ಹುಡುಗಿ ಯಾಕೆ ಸುಮ್ಮನಿದ್ದಳು ಎಂದು ಕೇಳುವ ರೂಢಿಯಿಲ್ಲ. ಇದನ್ನು ನೋಡುತ್ತಾ ಬೆಳೆದ ಮನೆಯ ಗಂಡು ಹುಡುಗ ಹದಿನಾಲ್ಕು, ಹದಿನೈದಕ್ಕೆ ಬಂದಾಗ ಅದೇ ಲೆಕ್ಕವನ್ನು ತನ್ನ ಜೊತೆಗೇ ಶಾಲೆಗೂ ಬಸ್ಸಿಗೂ ಕೊಂಡೊಯ್ಯುತ್ತಾನೆ. ಹದಿಹರೆಯದವರಿಗೆ ಪ್ರೀತಿ, ಗೌರವ, ಸಮ್ಮತಿ ಇವುಗಳ ಬಗ್ಗೆ ಶಾಲೆಯಲ್ಲಿ ಏನು ಹೇಳಿಕೊಡಬೇಕು ಎಂಬ ಚರ್ಚೆ ನಮ್ಮಲ್ಲಿ ಹೆಚ್ಚಾಗಿ ಅಂಗಾಂಗಗಳ ಚಿತ್ರ ತೋರಿಸಬೇಕೇ ಬೇಡವೇ ಎಂಬಲ್ಲೇ ನಿಂತುಬಿಡುತ್ತದೆ. ಆದರೆ ನಂಜನಗೂಡು, ತಿ.ನರಸೀಪುರದಂಥ ತಾಲ್ಲೂಕುಗಳ ಮಕ್ಕಳಿಗೆ ಮೊದಲು ಬೇಕಾದ ಪಾಠಕ್ಕೆ ಯಾವ ಚಿತ್ರವೂ ಬೇಡ. ಸುಮ್ಮನಿರುವುದು ಒಪ್ಪಿಗೆಯಲ್ಲ, ಬೇಡ ಎಂದವರನ್ನು ಅಲ್ಲಿಗೇ ಬಿಡಬೇಕು ಎಂಬುದೇ ಆ ಪಾಠ. ಉಳಿದದ್ದೆಲ್ಲ ಅದರ ಮೇಲೆ ಕಟ್ಟಬೇಕಾದದ್ದು.

ಈ ಪಾಠ ಯಾಕೆ ಬೇಕು ಎಂಬುದನ್ನು ನಮ್ಮದೇ ಹೈಕೋರ್ಟ್ ಹೇಳಿದೆ. 2022ರ ನವೆಂಬರ್ 4ರಂದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರು ಒಂದು ಪೋಕ್ಸೊ ಮೇಲ್ಮನವಿಯನ್ನು ತೀರ್ಮಾನಿಸಿದರು. 2017ರಲ್ಲಿ 17 ವರ್ಷದ ಹುಡುಗಿಯೊಬ್ಬಳು ತಾನು ಪ್ರೀತಿಸಿದವನ ಜೊತೆ ಮನೆ ಬಿಟ್ಟು ಹೋಗಿದ್ದಳು. ಮನೆಯವರ ದೂರಿನ ಮೇಲೆ ಯುವಕನ ವಿರುದ್ಧ ಮೊಕದ್ದಮೆ ನಡೆಯಿತು. ಸಾಕ್ಷಿಗಳು ತಿರುಗಿಬಿದ್ದರು, ಕೆಳಗಿನ ನ್ಯಾಯಾಲಯ ಅವನನ್ನು ಬಿಟ್ಟಿತು. ಸರ್ಕಾರದ ಮೇಲ್ಮನವಿ ಹೈಕೋರ್ಟಿಗೆ ಬರುವ ಹೊತ್ತಿಗೆ ಇಬ್ಬರೂ ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದರು. ಮೇಲ್ಮನವಿಯನ್ನು ವಜಾ ಮಾಡಿದ ಪೀಠ, ಇಂಥ ಪ್ರಕರಣಗಳಲ್ಲಿ ಸಿಕ್ಕಿಬೀಳುವ ಹುಡುಗ ಹುಡುಗಿಯರಿಗೆ ತಾವು ಮಾಡುತ್ತಿರುವುದು ಅಪರಾಧ ಎಂಬ ಅರಿವೇ ಇರುವುದಿಲ್ಲ ಎಂಬುದನ್ನು ಗುರುತಿಸಿ, 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಮತ್ತು ದಂಡಸಂಹಿತೆಯ ಬಗ್ಗೆ ಪಾಠ ಸಾಮಗ್ರಿ ಸಿದ್ಧಪಡಿಸಲು ಸಮಿತಿ ರಚಿಸುವಂತೆ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಗೆ ನಿರ್ದೇಶನ ನೀಡಿತು. ಮಕ್ಕಳಿಗೆ ಗೊತ್ತಿಲ್ಲದ ಕಾನೂನು ಅವರ ಬದುಕನ್ನೇ ಮುರಿಯಬಹುದು ಎಂಬ ಕಳವಳ ಆ ನಿರ್ದೇಶನದ ಹಿಂದಿದೆ.

ಆ ಕಳವಳ ಒಂದು ಪ್ರಕರಣಕ್ಕೆ ಸೀಮಿತವಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳಲ್ಲಿ 2016ರಿಂದ 2020ರವರೆಗೆ ಬಂದ 7,064 ಪೋಕ್ಸೊ ತೀರ್ಪುಗಳನ್ನು ಓದಿ ನೋಡಿತು. ಅವುಗಳಲ್ಲಿ 1,715, ಅಂದರೆ ಹೆಚ್ಚುಕಡಿಮೆ ಕಾಲು ಭಾಗ, ಪ್ರೇಮ ಪ್ರಕರಣಗಳಾಗಿದ್ದವು. ಅವುಗಳಲ್ಲಿ ಬಹುಪಾಲಿಗೆ ದೂರು ಕೊಟ್ಟವರು ಹುಡುಗಿಯ ಮನೆಯವರು, ಬಹುಪಾಲು ಕೊನೆಗೊಂಡದ್ದು ಖುಲಾಸೆಯಲ್ಲಿ. ಆದರೆ ಖುಲಾಸೆಗೆ ಮುಂಚೆ ಬಂಧನ, ಬಾಲಮಂದಿರ, ವೈದ್ಯಕೀಯ ತಪಾಸಣೆ, ಬಿಟ್ಟುಹೋದ ಪರೀಕ್ಷೆ ಎಲ್ಲವೂ ಆಗಿಹೋಗಿರುತ್ತದೆ. ಹಾಗಾಗಿ ಕಾನೂನನ್ನು ಹೇಳಿಕೊಡಲೇಬೇಕು. ತೊಡಕು ಇರುವುದು ಕಾನೂನನ್ನು ಮಾತ್ರ ಹೇಳಿಕೊಡುವುದರಲ್ಲಿ. ಪೊಲೀಸರನ್ನೋ ವಕೀಲರನ್ನೋ ಕರೆಸಿ ಸಭಾಂಗಣದಲ್ಲಿ ಮುನ್ನೂರು ಮಕ್ಕಳನ್ನು ಕೂರಿಸಿ, ಹತ್ತು ವರ್ಷ ಜೈಲು, ಇಪ್ಪತ್ತು ವರ್ಷ ಜೈಲು ಎಂದು ಹೇಳಿ ಕಳಿಸಿದರೆ ಮಕ್ಕಳು ಕಲಿಯುವುದು ಸಿಕ್ಕಿಬೀಳಬಾರದು ಎಂಬ ಒಂದನ್ನೇ. ಎದುರಿಗಿರುವವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿಯುವ ಅಭ್ಯಾಸ ಆ ಭಾಷಣದಿಂದ ಬರುವುದಿಲ್ಲ.

ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳಲ್ಲಿ ಹುಡುಗಿಯರ ಮೌನಕ್ಕೆ ಇರುವ ಕಾರಣವನ್ನು ಇಲ್ಲಿ ಬಿಡಿಸಿ ನೋಡಬೇಕು. ಹುಲ್ಲಹಳ್ಳಿ, ಕೌಲಂದೆ, ಹದಿನಾರು, ಬನ್ನೂರು, ತಲಕಾಡು, ಮೂಗೂರುಗಳ ಸುತ್ತಲ ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು, ಪಿಯುಸಿ ಎಂದರೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚಿನ ಚಿಂತೆ ತಪ್ಪಿದೆ. ಆದರೆ ದಾರಿಯಲ್ಲಿ ಯಾರಾದರೂ ಕಾಟ ಕೊಟ್ಟರೆ ಅದನ್ನು ಮನೆಯಲ್ಲಿ ಹೇಳುವ ಬೆಲೆ ಕಡಿಮೆಯಾಗಿಲ್ಲ. ಹೇಳಿದರೆ ಅಪ್ಪ ಕೇಳುವ ಮೊದಲ ಪ್ರಶ್ನೆ, ನೀನೇನು ಮಾಡಿದೆ ಎಂಬುದು. ಮುಂದಿನ ಹೆಜ್ಜೆ, ಶಾಲೆ ಸಾಕು ಎಂಬುದು. ಅದರ ಮುಂದಿನದು ಗಂಡು ಹುಡುಕುವುದು. 2016ರ ರಾಜ್ಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಾಗಿದ್ದರೂ ಆ ಯೋಚನೆ ಮನೆಗಳಿಂದ ಹೋಗಿಲ್ಲ. ಇದೆಲ್ಲ ಗೊತ್ತಿರುವ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಗಲಾಟೆಯಾದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಕ್ಕು ಸುಮ್ಮನಾಗುತ್ತಾಳೆ. ಆ ನಗೆಯನ್ನು ಹುಡುಗ ಒಪ್ಪಿಗೆ ಎಂದು ಓದುತ್ತಾನೆ. ಅವಳು ಸುಮ್ಮನಿರುವುದು ಓದು ಉಳಿಸಿಕೊಳ್ಳಲು, ಅವನು ಮುಂದುವರಿಯುವುದು ಅವಳು ಸುಮ್ಮನಿದ್ದುದರಿಂದ. ಈ ಗಂಟನ್ನು ಬಿಡಿಸದ ಪಾಠ ಎಷ್ಟೇ ಚೆಂದವಿದ್ದರೂ ಗೋಡೆಯ ಮೇಲಿನ ಸೂಕ್ತಿಯಾಗಿ ಉಳಿಯುತ್ತದೆ.

ಹಾಗಾದರೆ ಪಾಠ ಹೇಗಿರಬೇಕು? 9ನೇ ತರಗತಿಯ ಒಂದು ಪೀರಿಯಡ್ಡನ್ನು ಹತ್ತಿರದಿಂದ ನೋಡೋಣ. ಶಿಕ್ಷಕಿ ಒಂದು ಕಲ್ಪಿತ ಸಂಗತಿಯನ್ನು ನಾಲ್ಕು ದಿನಗಳಾಗಿ ಒಡೆದು ಹೇಳುತ್ತಾರೆ. ಮೊದಲ ದಿನ, ಸಂಜೆಯ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ ಮುಂದಿನ ಸೀಟಿನ ಹುಡುಗಿಯ ಮೊಬೈಲ್ ನಂಬರ್ ಕೇಳುತ್ತಾನೆ, ಅವಳು ನಕ್ಕು ಕಿಟಕಿಯ ಕಡೆ ತಿರುಗುತ್ತಾಳೆ. ಎರಡನೇ ದಿನ ಅವನು ಚಾಕೊಲೇಟ್ ನೀಡುತ್ತಾನೆ, ಎಲ್ಲರೂ ನೋಡುತ್ತಿದ್ದಾರೆ ಎಂದು ಅವಳು ತೆಗೆದುಕೊಂಡು ಬ್ಯಾಗಿಗೆ ಹಾಕುತ್ತಾಳೆ. ಮೂರನೇ ದಿನ ಅವಳು ಬಸ್ ಹತ್ತುತ್ತಿದ್ದಂತೆ ಅವನ ಗೆಳೆಯರು ಅವನ ಹೆಸರು ಕೂಗುತ್ತಾರೆ, ಅವಳು ತಲೆ ಬಗ್ಗಿಸಿ ಪುಸ್ತಕ ತೆರೆಯುತ್ತಾಳೆ. ನಾಲ್ಕನೇ ದಿನ ಅವನು ನೇರವಾಗಿ ಕೇಳಿದಾಗ ಅವಳು, ‘ಬಿಡಣ್ಣ, ಮನೇಲಿ ಬಯ್ತಾರೆ’ ಎನ್ನುತ್ತಾಳೆ. ಒಂದೊಂದು ದಿನ ಮುಗಿದಾಗಲೂ ಶಿಕ್ಷಕಿ ಕೇಳುವುದು ಒಂದೇ ಪ್ರಶ್ನೆ: ಅವಳು ಒಪ್ಪಿದಳೇ? ಮಕ್ಕಳು ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರರಲ್ಲಿ ಒಂದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಚೀಟಿ ಯಾಕೆಂದರೆ, ಕೈ ಎತ್ತಿಸಿದರೆ ಹುಡುಗರು ಗೆಳೆಯರನ್ನೂ ಹುಡುಗಿಯರು ಹುಡುಗರನ್ನೂ ನೋಡಿ ಎತ್ತುತ್ತಾರೆ.

ಈ ಪಾಠದ ಜೀವಾಳ ನಾಲ್ಕನೇ ದಿನದ ಆ ಮೂರು ಪದಗಳಲ್ಲಿ ಇಲ್ಲ, ಅವುಗಳ ಅರ್ಥ ಕೇಳುವವರಿಗೆ ತಕ್ಕಂತೆ ಬೇರೆಯಾಗುವುದರಲ್ಲಿದೆ. ಹುಡುಗಿಯ ಪಾಲಿಗೆ ‘ಅಣ್ಣ’ ಎಂಬುದು ಬೇಲಿ. ನಿನ್ನನ್ನು ನಾನು ಆ ದೃಷ್ಟಿಯಲ್ಲಿ ನೋಡುತ್ತಿಲ್ಲ ಎನ್ನಲು ನಮ್ಮ ಹುಡುಗಿಯರಿಗೆ ಸಿಕ್ಕಿರುವ ಅತ್ಯಂತ ಸುರಕ್ಷಿತ ಪದ ಅದು. ‘ಮನೇಲಿ ಬಯ್ತಾರೆ’ ಎಂಬುದೂ ನಿರಾಕರಣೆಯೇ. ನನಗಿಷ್ಟವಿಲ್ಲ ಎಂದರೆ ಅವನಿಗೆ ಅವಮಾನವಾಗಿ ಸಿಟ್ಟು ಬಂದೀತೆಂಬ ಭಯದಿಂದ ತಪ್ಪನ್ನು ಮನೆಯವರ ಮೇಲೆ ಹಾಕಿ ಅವನ ಮುಖ ಉಳಿಸಿದ ನಿರಾಕರಣೆ. ಹುಡುಗನಿಗೆ ಕೇಳಿಸುವುದು ಬೇರೆ: ಅವಳಿಗೆ ಇಷ್ಟವಿದೆ, ಅಡ್ಡಿಯಿರುವುದು ಮನೆಯದು ಮಾತ್ರ. ಬೇಡ ಎಂದರೆ ಬೇಕು ಎಂದೇ ಅರ್ಥ ಎಂದು ಹೇಳಿಕೊಟ್ಟ ಸಿನಿಮಾ ಹಾಡುಗಳೂ ಗೆಳೆಯರ ಬಳಗವೂ ಅವನ ಬೆನ್ನಿಗಿವೆ. ಶಿಕ್ಷಕಿ ಇಲ್ಲಿ ಹುಡುಗನನ್ನು ಕೆಟ್ಟವನೆಂದು ನಿಲ್ಲಿಸಬಾರದು. ಇಷ್ಟಪಟ್ಟದ್ದು ತಪ್ಪಲ್ಲ, ಒಮ್ಮೆ ಮರ್ಯಾದೆಯಿಂದ ಕೇಳಿದ್ದೂ ತಪ್ಪಲ್ಲ. ಸ್ಪಷ್ಟವಾದ ‘ಹೂಂ’ ಬರದಿದ್ದಾಗ ನಿಲ್ಲದೇ ಹೋದದ್ದು ತಪ್ಪು ಎಂದು ಬೇರ್ಪಡಿಸಿ ಹೇಳಬೇಕು. ಗೊತ್ತಿಲ್ಲ ಎಂದು ಬರೆದ ಚೀಟಿಗಳೇ ಆಗ ಕೆಲಸಕ್ಕೆ ಬರುತ್ತವೆ. ಗೊತ್ತಿಲ್ಲದಿದ್ದರೆ ಇಲ್ಲವೆಂದೇ ತಿಳಿದು ಹಿಂದೆ ಸರಿಯುವುದು, ಇದು ನಿಯಮ.

ಪೀರಿಯಡ್ಡಿನ ಉಳಿದರ್ಧ ಬಾಯಿಪಾಠಕ್ಕಲ್ಲ, ಬಾಯಿ ರೂಢಿಗೆ. ‘ಸರಿ ಬಿಡು, ಇನ್ಮೇಲೆ ಕೇಳಲ್ಲ’ ಎಂದು ಗೆಳೆಯರೆದುರು ಹೇಳಿ ತಲೆಯೆತ್ತಿ ನಡೆಯುವುದನ್ನು ಹುಡುಗರು ಜೋಡಿಯಾಗಿ ಅಭ್ಯಾಸ ಮಾಡಬೇಕು, ಯಾಕೆಂದರೆ ಹಿಂದೆ ಸರಿಯಲು ಅವರಿಗೆ ಅಡ್ಡಬರುವುದು ಆಸೆಗಿಂತ ಹೆಚ್ಚಾಗಿ ಗೆಳೆಯರ ಗೇಲಿ. ‘ನಂಗಿಷ್ಟ ಇಲ್ಲ’ ಎಂಬ ಮಾತನ್ನು ಅಣ್ಣನ ಬೇಲಿಯಿಲ್ಲದೆ ಹೇಳುವುದನ್ನು ಹುಡುಗಿಯರು ಅಭ್ಯಾಸ ಮಾಡಬೇಕು. ಆಮೇಲೆ ಪಾತ್ರ ತಿರುಗಿಸಿ, ಹುಡುಗಿಯೇ ಹಿಂದೆ ಬಿದ್ದರೆ ಹುಡುಗನಿಗೂ ಬೇಡ ಎನ್ನುವ ಹಕ್ಕಿದೆ ಎಂದು ತೋರಿಸಬೇಕು. ವಯಸ್ಸಿಗೆ ತಕ್ಕಂತೆ ಇದೇ ಎಳೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. 8ನೇ ತರಗತಿಯಲ್ಲಿ ಪ್ರೇಮದ ಮಾತೇ ಬೇಡ. ಕೇಳದೆ ಬೇರೆಯವರ ಪೆನ್ನು ಎತ್ತಿಕೊಳ್ಳುವುದು, ಬೇಡವೆಂದರೂ ಕಚಗುಳಿ ಇಡುವುದು, ಅಡ್ಡಹೆಸರು ಕೂಗುವುದು ಸಾಕು. ಪಿಯುಸಿಗೆ ಬಂದವರಿಗೆ ಇಬ್ಬರೂ ಒಪ್ಪಿದ ಸ್ನೇಹದೊಳಗಿನ ಮಾತು ಬೇಕು: ನಿನ್ನೆಯ ಒಪ್ಪಿಗೆ ಇವತ್ತಿಗೆ ಸಲ್ಲಬೇಕಿಲ್ಲ, ಫೋನಿನ ಪಾಸ್‌ವರ್ಡ್ ಕೇಳುವುದು ಪ್ರೀತಿಯ ಗುರುತಲ್ಲ, ಯಾರ ಜೊತೆ ಮಾತಾಡಿದೆ ಎಂದು ಲೆಕ್ಕ ಕೇಳುವವನು ಕಾಳಜಿ ಮಾಡುತ್ತಿಲ್ಲ, ಬಿಟ್ಟುಹೋದರೆ ಕೈ ಕುಯ್ದುಕೊಳ್ಳುತ್ತೇನೆ ಎಂಬುದು ಬೆದರಿಕೆ. ಒಂಟಿಯಾಗಿ ಹೊರಲಾಗದ ಆ ಬೆದರಿಕೆಯನ್ನು ದೊಡ್ಡವರ ಕಿವಿಗೆ ಹಾಕುವುದು ದ್ರೋಹವಲ್ಲ ಎಂದೂ ಹೇಳಿಕೊಡಬೇಕು.

ಕಾನೂನಿನ ಪಾಠ ಇದಾದ ಮೇಲೆ ಬರಲಿ, ಆಗ ಅದು ಅರ್ಥವಾಗುತ್ತದೆ. ಶಿಕ್ಷಕರೇ ಎಡವುವ ಜಾಗ ಇದು: 18ರ ಒಳಗಿನವರ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲದ ಮೇಲೆ ಸಮ್ಮತಿಯ ಪಾಠ ಯಾಕೆ ಎಂದು ಅವರು ಕೇಳುತ್ತಾರೆ. ಉತ್ತರ ಸರಳ. 2012ರ ಪೋಕ್ಸೊ ಕಾಯ್ದೆಯಡಿ 18 ತುಂಬದವರ ‘ಹೂಂ’ ಲೈಂಗಿಕ ಕ್ರಿಯೆಯನ್ನು ಅಪರಾಧದಿಂದ ಪಾರುಮಾಡುವುದಿಲ್ಲ. ಹುಡುಗನಿಗೆ 17 ಆಗಿದ್ದರೂ ಅವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ‘ಬೇಡ’ ಎಂಬ ಮಾತಿಗೆ ಯಾವ ವಯಸ್ಸಿನ ಗಡಿಯೂ ಇಲ್ಲ, ನಂಬರ್ ಕೇಳುವುದು, ಹಿಂಬಾಲಿಸುವುದು, ಫೋಟೊ ಕೇಳುವುದು ಎಲ್ಲವೂ ಲೈಂಗಿಕ ಕ್ರಿಯೆಗೆ ಬಹಳ ಮೊದಲೇ ನಡೆಯುತ್ತವೆ. ದೊಡ್ಡವರ ಕಾನೂನೂ ಮೌನವನ್ನು ಸಮ್ಮತಿ ಎನ್ನುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ವಿವರಣೆಯಂತೆ ಸಮ್ಮತಿ ಎಂದರೆ ಮಾತಿನಿಂದಲೋ ಸನ್ನೆಯಿಂದಲೋ ಸಂಶಯಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ತಿಳಿಸಿದ ಒಪ್ಪಿಗೆ. ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವಂತಿಲ್ಲ. ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದು 78ನೇ ಕಲಮಿನ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ. ನಾಲ್ಕು ದಿನದ ಬಸ್ಸಿನ ಕಥೆಯನ್ನು ಕೇಳಿ ಮುಗಿಸಿದ ಮಕ್ಕಳಿಗೆ ಈ ಎರಡು ಕಲಮುಗಳು ತಾವೇ ಕಂಡುಕೊಂಡ ಮಾತಿನಂತೆ ಕೇಳಿಸುತ್ತವೆ.

ಪೋಕ್ಸೊ ಕಾಯ್ದೆಯ ಇನ್ನೊಂದು ಕಲಮು ಶಿಕ್ಷಕರಿಗೆ ನಿಜವಾದ ಇಕ್ಕಟ್ಟು ತರುತ್ತದೆ. 19ನೇ ಕಲಮಿನ ಪ್ರಕಾರ ಅಪರಾಧ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಯಾರಿಗೂ ಹೇಳಲ್ಲ, ಹೇಳು ಎಂದು ಮಗುವಿಗೆ ಮಾತುಕೊಟ್ಟು ಆಮೇಲೆ ಠಾಣೆಗೆ ಫೋನು ಮಾಡಿದರೆ ಆ ಶಾಲೆಯಲ್ಲಿ ಮತ್ತೊಂದು ಮಗು ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ದಿನವೇ ಗಡಿ ಹೇಳಿಬಿಡಬೇಕು: ಮನಸ್ಸಿನ ಗೊಂದಲ, ಇಷ್ಟ, ಜಗಳ ನಮ್ಮಲ್ಲೇ ಉಳಿಯುತ್ತದೆ, ಯಾರಾದರೂ ಮೈಮುಟ್ಟಿ ನೋಯಿಸಿದ್ದರೆ, ಕಾನೂನಿನಲ್ಲಿ ಅಪರಾಧವಾಗುವಂಥದ್ದು ಬೇರೇನಾದರೂ ನಡೆದಿದ್ದರೆ ನಾನು ತಿಳಿಸಬೇಕಾಗುತ್ತದೆ, ಆಗ ನಿನ್ನ ಜೊತೆಗೇ ಇರುತ್ತೇನೆ, ನನಗೆ ಹೇಳಲು ಮನಸ್ಸಿಲ್ಲದಿದ್ದರೆ 1098ಕ್ಕೆ ಕರೆ ಮಾಡು. ಬಸ್ಸಿನ ಕಾಟದಂಥ ದೂರು ಬಂದಾಗ ಹುಡುಗಿಯ ಅಪ್ಪನಿಗೆ ಮೊದಲ ಫೋನು ಹೋಗಬಾರದು. ನಿನಗೆ ಏನಾಗಬೇಕು ಎಂದು ಅವಳನ್ನು ಕೇಳಿ, ಮೊದಲು ಹುಡುಗನನ್ನೂ ಅವನ ಮನೆಯವರನ್ನೂ ಕರೆಸಬೇಕು. ಕಾಟ ಕೊಟ್ಟವನು ಬೇರೆ ಸೀಟಿಗೆ ಹೋಗಲಿ, ಅವಳ ಬಸ್ಸು ತಪ್ಪದಿರಲಿ. ಪಾಠ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಗುರುತೂ ಇಲ್ಲೇ ಇದೆ. ಪಾಠ ಶುರುವಾದ ಶಾಲೆಯಲ್ಲಿ ದೂರುಗಳು ಮೊದಲು ಹೆಚ್ಚಾಗಬೇಕು. ವರ್ಷವಿಡೀ ಒಂದೂ ದೂರು ಬರಲಿಲ್ಲ, ಪ್ರಶ್ನೆ ಪೆಟ್ಟಿಗೆ ಖಾಲಿಯಿದೆ ಎಂದು ಹೆಮ್ಮೆಪಡುವ ಶಾಲೆಯಲ್ಲಿ ಮಕ್ಕಳು ಇನ್ನೂ ಮೌನವಾಗಿದ್ದಾರೆ ಎಂದೇ ಅರ್ಥ.

ಇಂಥ ಮಾತು ಎತ್ತಿದರೆ ಇಲ್ಲದ್ದನ್ನು ಕಲಿಸಿದಂತಾಗುತ್ತದೆ ಎಂಬುದು ಮೊದಲ ಆಕ್ಷೇಪ. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದದ್ದು ಇದೇ ಅಳುಕಿನಿಂದ. ಆದರೆ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗದರ್ಶಿ ಅನೇಕ ದೇಶಗಳ ಅಧ್ಯಯನಗಳನ್ನು ಒರೆಗೆ ಹಚ್ಚಿ ಕಂಡುಕೊಂಡದ್ದು, ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚಾಗುವುದಿಲ್ಲ ಎಂಬುದನ್ನು. ನಮ್ಮ ದೇಶದ ಹಳ್ಳಿಗಾಡಿನದೇ ಸಾಕ್ಷ್ಯ ಬೇಕೆಂದರೆ ಹರಿಯಾಣ ಇದೆ. ಅಲ್ಲಿನ ನಾಲ್ಕು ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಆರಿಸಿ, ಅವುಗಳಲ್ಲಿ ಸುಮಾರು ಅರ್ಧ ಶಾಲೆಗಳ 7ನೇ ತರಗತಿಯಿಂದ ಶುರುಮಾಡಿ ಎರಡೂವರೆ ವರ್ಷ, ಮೂರು ವಾರಕ್ಕೊಮ್ಮೆ 45 ನಿಮಿಷ ಗಂಡು ಹೆಣ್ಣಿನ ಸಮಾನತೆಯ ಬಗ್ಗೆ ಮಾತುಕತೆ ನಡೆಸಲಾಯಿತು. ಮಕ್ಕಳ ಧೋರಣೆ ಬದಲಾಯಿತು, ಎರಡು ವರ್ಷದ ನಂತರವೂ ಆ ಬದಲಾವಣೆ ಉಳಿದಿತ್ತು, ಹುಡುಗರು ಮನೆಗೆಲಸಕ್ಕೆ ಕೈಹಾಕತೊಡಗಿದರು. ಅದು ಪ್ರೇಮದ ಪಾಠವಾಗಿರಲಿಲ್ಲ, ಹಾಗಾಗಿ ಅದರಿಂದ ಎಲ್ಲವೂ ಸಾಬೀತಾಗುವುದಿಲ್ಲ. ಆದರೂ 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಒಂದು ಮಾತು ನಮಗೆ ನೇರವಾಗಿ ತಟ್ಟುತ್ತದೆ: ನಡವಳಿಕೆ ಹೆಚ್ಚು ಬದಲಾದದ್ದು ಹುಡುಗರದು. ಹುಡುಗಿಯರ ಮನಸ್ಸು ಬದಲಾದರೂ ನಡೆಯಲು ಹೊರಗಿನ ಕಟ್ಟುಗಳು ಬಿಡುವುದಿಲ್ಲ. ಹುಡುಗಿಯರನ್ನಷ್ಟೇ ಒಂದು ಕೋಣೆಗೆ ಕರೆದು ಹುಷಾರಾಗಿರಿ ಎಂದು ಹೇಳುವ ನಮ್ಮ ಪದ್ಧತಿ ತಲೆಕೆಳಗು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಇದನ್ನು ತಂದೆತಾಯಿಗಳೇ ಹೇಳಿಕೊಡಲಿ ಎಂಬುದು ಎರಡನೆಯ ಆಕ್ಷೇಪ. ಹೇಳಿಕೊಟ್ಟರೆ ಒಳ್ಳೆಯದೇ. ಆದರೆ ಮೌನವನ್ನು ಸಮ್ಮತಿ ಎಂದು ಓದುವುದನ್ನು ಮಕ್ಕಳು ಕಲಿತದ್ದೇ ಮನೆಯಲ್ಲಿ, ಮೌನ ಮುರಿದರೆ ಶಾಲೆ ಬಿಡಿಸುವವರೂ ಮನೆಯವರೇ. ಹಾಗಾಗಿ ಮನೆಯನ್ನು ಬಿಟ್ಟು ಪಾಠ ನಡೆಯುವುದಿಲ್ಲ, ಮನೆಗೇ ಬಿಟ್ಟರೂ ನಡೆಯುವುದಿಲ್ಲ. ವರ್ಷದ ಆರಂಭದಲ್ಲಿ ಎಸ್‌ಡಿಎಂಸಿ ಸಭೆಯಲ್ಲಿ ಅದೇ ನಾಲ್ಕು ದಿನದ ಬಸ್ಸಿನ ಕಥೆಯನ್ನು ಪೋಷಕರ ಮುಂದಿಟ್ಟು, ಮಗಳು ಬಂದು ಹೇಳಿದರೆ ನೀವು ಮೊದಲು ಏನು ಕೇಳುತ್ತೀರಿ ಎಂದು ಕೇಳಬೇಕು. ನೀನೇನು ಮಾಡಿದೆ ಎಂಬ ಪ್ರಶ್ನೆಯ ಜಾಗಕ್ಕೆ ಹೇಳಿದ್ದು ಒಳ್ಳೇದಾಯ್ತು ಎಂಬ ಮಾತು ಬಂದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಹೊಸ ಹುದ್ದೆ, ಹೊಸ ಯೋಜನೆ ಬೇಕಿಲ್ಲ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರ ತರಬೇತಿ, ವರ್ಷಕ್ಕೆ 24 ಗಂಟೆಗಳ ಪಾಠ, ಅದರ 11 ವಿಷಯಗಳಲ್ಲಿ ಪರಸ್ಪರ ಸಂಬಂಧ, ಲಿಂಗ ಸಮಾನತೆ, ಹಿಂಸೆಯ ತಡೆ ಎಲ್ಲಕ್ಕೂ ಜಾಗವಿದೆ. ಆ ಇಬ್ಬರಲ್ಲಿ ಸಾಧ್ಯವಾದಷ್ಟೂ ಒಬ್ಬರು ಗಂಡಸಾಗಿರಲಿ ಎಂಬ ಸೂಚನೆ ಇರುವುದೂ ಹುಡುಗರ ಪಾಠಕ್ಕೆ ಅನುಕೂಲವೇ.

ಕೊನೆಯ ಆಕ್ಷೇಪವನ್ನು ಯಾರೂ ಸಭೆಯಲ್ಲಿ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಎಲ್ಲ ಆಕ್ಷೇಪಗಳ ಬುಡದಲ್ಲಿರುವುದು ಅದೇ. ಪ್ರೀತಿಯ ಮಾತು ಶಾಲೆಗೆ ಬಂದರೆ ಜಾತಿ ಕೆಡುತ್ತದೆ ಎಂಬ ಭಯ ಅದು. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು ಜಾತಿ ದಾಟಿದ ಪ್ರೀತಿ ಮತ್ತು ಅದಕ್ಕೆ ತೆತ್ತ ಜೀವವನ್ನೇ ನಡುವಿಟ್ಟು ‘ಕುಸುಮಬಾಲೆ’ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2022ರ ಜೂನ್‌ನಲ್ಲಿ ಇದೇ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದ ಕಾರಣಕ್ಕೆ 17 ವರ್ಷದ ಮಗಳನ್ನು ಕೊಂದ ಆರೋಪದ ಮೇಲೆ ತಂದೆಯನ್ನು ಪೊಲೀಸರು ಬಂಧಿಸಿದರು. ಶಾಲೆ ಯಾರನ್ನು ಯಾರು ಪ್ರೀತಿಸಬೇಕು ಎಂದು ಹೇಳುವ ಜಾಗವಲ್ಲ, ಹೇಳಲೂಬಾರದು. ಆದರೆ ಒಂದು ಹೆಣ್ಣುಮಗಳ ‘ಬೇಡ’ವನ್ನು ಒಪ್ಪದ ಹುಡುಗನೂ ಅವಳ ‘ಬೇಕು’ವನ್ನು ಒಪ್ಪದ ಮನೆಯೂ ಮಾಡುತ್ತಿರುವ ತಪ್ಪು ಒಂದೇ. ಇಬ್ಬರೂ ಅವಳ ಬಾಯಿಂದ ಬರಬೇಕಾದ ಮಾತನ್ನು ತಾವೇ ಆಡಿಬಿಟ್ಟಿದ್ದಾರೆ. 9ನೇ ತರಗತಿಯ ಬೆಂಚಿನ ಮೇಲೆ, ಅವಳು ಒಪ್ಪಿದಳೇ ಎಂಬ ಪ್ರಶ್ನೆಗೆ ಗೊತ್ತಿಲ್ಲ, ಅವಳನ್ನೇ ಕೇಳಬೇಕು ಎಂದು ಚೀಟಿಯಲ್ಲಿ ಬರೆಯಲು ಕಲಿತ ಹುಡುಗ ನಾಳೆ ಅಣ್ಣನಾಗುತ್ತಾನೆ, ಅಪ್ಪನಾಗುತ್ತಾನೆ. ತನ್ನ ಮಗಳು ಕಾಫಿ ಲೋಟ ಇಟ್ಟು ತಲೆ ತಗ್ಗಿಸಿ ನಿಂತ ದಿನ ಅವನು ಎಲೆ ಅಡಿಕೆ ತಟ್ಟೆಗೆ ಕೈಹಾಕುವ ಮುಂಚೆ, ಒಳಗೆ ಬಾ ಮಗಳೇ, ನಿನಗೆ ಇಷ್ಟ ಇದೆಯಾ ಹೇಳು ಎಂದು ಕೇಳಿಯಾನು.